ಒಂಬತ್ತು ನಲವತ್ತಕ್ಕೆ ಮುಚ್ಚಿದ ಕೌಂಟರ್: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದಾಗ ನಾನು ಒಂದು ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರುಗಳ ಪಾಳಿ ಮೇಲ್ವಿಚಾರಕನಾಗಿದ್ದೆ. ಕುಟುಂಬದವರ ಹೆಸರು, ನಿಲ್ದಾಣ, ವಿಮಾನ ಸಂಸ್ಥೆ, ಅವರು ಹೋಗಬೇಕಿದ್ದ ದೇಶ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗಡಿಯಾರದ ಹೊತ್ತನ್ನೂ ಒಟ್ಟಾಗಿ ಸರಿಸಿ ಬರೆದಿದ್ದೇನೆ. ಆದರೆ ಒಂದು ಘಟನೆಗೂ ಇನ್ನೊಂದಕ್ಕೂ ನಡುವಿನ ನಿಮಿಷಗಳು ಅಂದಿನ ದಾಖಲೆಯಲ್ಲಿ ಇದ್ದಂತೆಯೇ ಇವೆ. ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ: ಆ ಕುಟುಂಬ ತಡವಾಗಿ ಬಂದಿರಲಿಲ್ಲ. ಕೌಂಟರ್ ಮುಚ್ಚುವ ಹೊತ್ತಿಗೆ 32 ನಿಮಿಷ ಮೊದಲೇ ಅವರ ವಾಹನ ನಿಲ್ದಾಣದ ಬಾಗಿಲಲ್ಲಿ ನಿಂತಿತ್ತು. ಹಾಗಿದ್ದರೂ ವಿಮಾನ ಅವರನ್ನು ಬಿಟ್ಟು ಹೋಯಿತು.

ಹಿನ್ನೆಲೆ

ಪ್ರಯಾಣಿಕರು ಮೂವರು: ತಾಯಿ, ಮಗ ಮತ್ತು ಸೊಸೆ. ಅವರದು ಅಂತರರಾಷ್ಟ್ರೀಯ ಪ್ರಯಾಣ. ಹೊರಡುವ ಸಮಯ 10:40. ಚೆಕ್-ಇನ್ ಮತ್ತು ಲಗೇಜು ಸ್ವೀಕಾರ ಎರಡೂ ಒಂದು ಗಂಟೆ ಮೊದಲು, ಅಂದರೆ 9:40ಕ್ಕೆ ಮುಚ್ಚುತ್ತಿದ್ದವು. ಹತ್ತುವ ಗೇಟ್ 20 ನಿಮಿಷ ಮೊದಲು, 10:20ಕ್ಕೆ ಮುಚ್ಚುತ್ತಿತ್ತು. ಈ ಅವಧಿಗಳು ಸಂಸ್ಥೆಯಿಂದ ಸಂಸ್ಥೆಗೆ, ನಿಲ್ದಾಣದಿಂದ ನಿಲ್ದಾಣಕ್ಕೆ ಬದಲಾಗುತ್ತವೆ. ಕೆಲವೆಡೆ ಲಗೇಜಿಗೆ 45 ನಿಮಿಷ ಸಾಕು, ಕೆಲವೆಡೆ 75 ಅಥವಾ 90 ನಿಮಿಷ ಬೇಕು. ಎಲ್ಲ ಕಡೆಯೂ ಒಂದೇ ಆಗಿರುವ ಸಂಗತಿ ಎಂದರೆ, ಟಿಕೆಟ್ಟಿನಲ್ಲಿ ಬರೆದ ಹೊರಡುವ ಸಮಯ ವಿಮಾನ ನೆಲ ಬಿಟ್ಟು ಏಳುವ ಸಮಯವಲ್ಲ, ನಿಂತ ಜಾಗದಿಂದ ಕದಲುವ ಸಮಯ. ಎಲ್ಲ ಗಡುವುಗಳನ್ನೂ ಎಣಿಸುವುದು ಆ ಕ್ಷಣದಿಂದ ಹಿಂದಕ್ಕೆ.

ಹಿಂದಿನ ಸಂಜೆಯೇ ಮಗ ಮೂವರಿಗೂ ವೆಬ್ ಚೆಕ್-ಇನ್ ಮಾಡಿ, ಆಸನಗಳನ್ನೂ ಆರಿಸಿದ್ದರು. ಫೋನಿನ ಪರದೆಯಲ್ಲಿ ಚೆಕ್-ಇನ್ ಆಗಿದೆ ಎಂದು ಬಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ದಾಖಲೆಗಳನ್ನು ನಿಲ್ದಾಣದಲ್ಲಿ ಪರಿಶೀಲಿಸಬೇಕು ಎಂಬ ಸೂಚನೆಯೂ ಇತ್ತು. ಅದನ್ನು ಅವರು ಓದಿರಲಿಲ್ಲ, ಓದಿದ್ದರೂ ಅದರ ಅರ್ಥ ಅವರಿಗೆ ಹೊಳೆಯುತ್ತಿತ್ತೆಂದು ನನಗನಿಸುವುದಿಲ್ಲ. ಹೋಗುವ ದೇಶಕ್ಕೆ ವೀಸಾ ಬೇಕಿದ್ದರೆ, ಪಾಸ್‌ಪೋರ್ಟನ್ನೂ ವೀಸಾವನ್ನೂ ಸಿಬ್ಬಂದಿ ಕಣ್ಣಾರೆ ನೋಡಿ ವ್ಯವಸ್ಥೆಯಲ್ಲಿ ದಾಖಲಿಸುವವರೆಗೆ ವೆಬ್ ಚೆಕ್-ಇನ್ ಅರ್ಧ ಕೆಲಸ ಮಾತ್ರ. ಸರಿಯಾದ ದಾಖಲೆಯಿಲ್ಲದವರನ್ನು ಕರೆದೊಯ್ದರೆ ದಂಡ ಬೀಳುವುದೂ, ಅವರನ್ನು ವಾಪಸು ಕರೆತರುವ ಹೊಣೆ ಬರುವುದೂ ವಿಮಾನ ಸಂಸ್ಥೆಯ ಮೇಲೆ. ಹಾಗಾಗಿ ಲಗೇಜು ಮಾತ್ರ ಕೊಟ್ಟು ಹೋಗುವ ಚಿಕ್ಕ ಸಾಲು ಈ ಮೂವರಿಗೆ ಮೊದಲಿನಿಂದಲೂ ಇರಲಿಲ್ಲ. ಅವರು ಪೂರ್ತಿ ಕೌಂಟರಿಗೇ ಬರಬೇಕಿತ್ತು.

ಮೂವರ ನಡುವೆ ಮೂರು ದೊಡ್ಡ ಪೆಟ್ಟಿಗೆಗಳಿದ್ದವು. ಒಂದೊಂದಕ್ಕೂ 23 ಕಿಲೋ ಮಿತಿ.

ಮೂವತ್ತೆರಡು ನಿಮಿಷ ಹೋದ ಬಗೆ

ವಾಹನ ನಿಂತದ್ದು 9:08ಕ್ಕೆ. ಪೆಟ್ಟಿಗೆ ಇಳಿಸಿ, ತಳ್ಳುಗಾಡಿ ತಂದು, ಬಿಡಲು ಬಂದಿದ್ದ ತಮ್ಮನಿಗೆ ವಿದಾಯ ಹೇಳಿ ಒಳಗೆ ಬರುವಷ್ಟರಲ್ಲಿ 9:15. ತಾಯಿ ಮೆಲ್ಲಗೆ ನಡೆಯುವವರು, ಇದರಲ್ಲಿ ಯಾರ ತಪ್ಪೂ ಇಲ್ಲ.

ಮೊದಲ ತಿರುವು ಅಲ್ಲೇ ಬಂತು. ಒಳಗಿನ ದೊಡ್ಡ ಫಲಕದಲ್ಲಿ ಅವರ ವಿಮಾನದ ಎದುರು 10:55 ಎಂದು ಕಾಣಿಸುತ್ತಿತ್ತು. ಒಳಬರುವ ವಿಮಾನ ತಡವಾಗಿ ಇಳಿಯಬಹುದೆಂಬ ಅಂದಾಜಿನ ಮೇಲೆ ಹಾಕಿದ ಸಮಯ ಅದು. ಮಗ ಅದನ್ನು ನೋಡಿ, ತಮಗೆ ಇನ್ನೂ 15 ನಿಮಿಷ ಸಿಕ್ಕಿತೆಂದು ಎಣಿಸಿದರು. ನನ್ನ ಅನುಭವದಲ್ಲಿ ಪ್ರಯಾಣಿಕರನ್ನು ಇದರಷ್ಟು ಕೆಡಿಸುವ ಮಾಹಿತಿ ಬೇರೊಂದಿಲ್ಲ. ತಡದ ಅಂದಾಜು ಬದಲಾಗುತ್ತಲೇ ಇರುತ್ತದೆ. ಗಾಳಿ ಅನುಕೂಲವಾಗಿದ್ದರೆ ಒಳಬರುವ ವಿಮಾನ ಬೇಗ ಇಳಿಯುತ್ತದೆ, ನೆಲದ ಸಿಬ್ಬಂದಿ ಐದು ನಿಮಿಷ ಉಳಿಸುತ್ತಾರೆ, ಹೊರಡುವ ಸಮಯ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಅಷ್ಟರಲ್ಲಿ ಕೌಂಟರನ್ನು 15 ನಿಮಿಷ ಹೆಚ್ಚು ತೆರೆದಿಟ್ಟಿದ್ದರೆ, ಉಳಿಸಿದ ಆ ನಿಮಿಷಗಳೆಲ್ಲ ವ್ಯರ್ಥವಾಗುತ್ತವೆ. ಆದ್ದರಿಂದ ನಮ್ಮಲ್ಲಿ ಸಣ್ಣಪುಟ್ಟ ತಡಕ್ಕೆ ಕೌಂಟರಿನ ಗಡುವು ಸರಿಯುತ್ತಿರಲಿಲ್ಲ, ಅದು ಟಿಕೆಟ್ಟಿನ ಸಮಯಕ್ಕೇ ಅಂಟಿಕೊಂಡಿರುತ್ತಿತ್ತು. ಅಂದೂ 9:35ರ ಹೊತ್ತಿಗೆ ಫಲಕದ ಸಮಯ 10:40ಕ್ಕೆ ಮರಳಿತು.

ಸಿಕ್ಕಿತೆಂದುಕೊಂಡ ಆ 15 ನಿಮಿಷಗಳಲ್ಲಿ ಅವರು ಪೆಟ್ಟಿಗೆಯೊಂದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿಸಿದರು. ಅದರ ಜಿಪ್ ಸಡಿಲವಾಗಿತ್ತು, ದಾರಿಯಲ್ಲಿ ಬಿಚ್ಚಿಕೊಂಡೀತೆಂಬ ಆತಂಕ ಸಹಜವೇ. ಸುತ್ತುವ ಯಂತ್ರದ ಮುಂದೆ ಇಬ್ಬರಿದ್ದರು. ಅಲ್ಲಿಂದ ಹೊರಟು ಅವರು ನಮ್ಮ ಸಾಲಿಗೆ ಬಂದು ನಿಂತದ್ದು 9:24ಕ್ಕೆ. ಅದಕ್ಕೆ ಐದು ನಿಮಿಷ ಮೊದಲು ನಮ್ಮ ಹುಡುಗ ಸಾಲಿನುದ್ದಕ್ಕೂ ಓಡಾಡಿ, ಆ ವಿಮಾನದವರು ಯಾರಾದರೂ ಇದ್ದರೆ ಮುಂದೆ ಬನ್ನಿ ಎಂದು ಕೂಗಿ ಕರೆದಿದ್ದ. ಆಗ ಇವರು ಯಂತ್ರದ ಮುಂದಿದ್ದರು.

9:31ಕ್ಕೆ ಎರಡನೆಯ ಸಲ ಕರೆದಾಗ ಅವರು ಕೈಯೆತ್ತಿದರು. ಅವರನ್ನು ಸಾಲಿನಿಂದ ಹೊರಗೆ ತಂದು 9:33ಕ್ಕೆ ಕೌಂಟರ್ ಮುಂದೆ ನಿಲ್ಲಿಸಿದೆವು. ಇನ್ನೇಳು ನಿಮಿಷ ಇತ್ತು. ಮಗನ ಮುಖದಲ್ಲಿ ನಿರಾಳತೆ ಕಂಡದ್ದು ನನಗೆ ಇಂದಿಗೂ ನೆನಪಿದೆ. ಸಾಲು ದಾಟಿದರೆ ಕೆಲಸ ಮುಗಿದಂತೆ ಎಂದು ಯಾರಿಗಾದರೂ ಅನಿಸುತ್ತದೆ.

ಮೂರು ಪಾಸ್‌ಪೋರ್ಟು, ಮೂರು ವೀಸಾ. ತಾಯಿಯ ವೀಸಾದಲ್ಲಿ ಹೆಸರಿನ ಎರಡು ಭಾಗಗಳು ಅದಲುಬದಲಾಗಿ ಮುದ್ರಣಗೊಂಡಿದ್ದವು. ಅದನ್ನು ಸರಿಹೊಂದಿಸಿ ಮತ್ತೆ ದಾಖಲಿಸಲು ಎರಡು ನಿಮಿಷ ಹಿಡಿಯಿತು. 9:38ಕ್ಕೆ ಮೂರು ಬೋರ್ಡಿಂಗ್ ಪಾಸ್ ಹೊರಬಂದವು. ಮೊದಲ ಎರಡು ಪೆಟ್ಟಿಗೆಗಳಿಗೆ ಟ್ಯಾಗ್ ಹಾಕಿ ಬೆಲ್ಟಿಗೆ ಬಿಟ್ಟಾಗ 9:39. ಮೂರನೆಯದು ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ. ತಕ್ಕಡಿಯಲ್ಲಿ ಅದು 27.4 ಕಿಲೋ ತೂಗಿತು.

ಈಗ ಎರಡು ದಾರಿಗಳಿದ್ದವು. ಹೆಚ್ಚುವರಿ ತೂಕಕ್ಕೆ ಹಣ ಕಟ್ಟಬೇಕು, ಇಲ್ಲವೇ ನಾಲ್ಕೂವರೆ ಕಿಲೋ ಹೊರಗೆ ತೆಗೆಯಬೇಕು. ಹಣ ಕಟ್ಟುವ ಕೌಂಟರ್ ಸಭಾಂಗಣದ ಇನ್ನೊಂದು ತುದಿಯಲ್ಲಿತ್ತು, ಪಾವತಿಯ ದಾಖಲೆ ಬಾರದೆ ಟ್ಯಾಗ್ ಮುದ್ರಣವಾಗುತ್ತಿರಲಿಲ್ಲ. ಅವರು ಪೆಟ್ಟಿಗೆ ಬಿಚ್ಚುವ ದಾರಿ ಹಿಡಿದರು. ಆದರೆ ಆಗತಾನೇ ಹತ್ತಾರು ಸುತ್ತು ಸುತ್ತಿಸಿದ ಪ್ಲಾಸ್ಟಿಕ್ಕನ್ನು ಮೊದಲು ಹರಿಯಬೇಕಿತ್ತು, ಕತ್ತರಿ ಯಾರ ಬಳಿಯೂ ಇರಲಿಲ್ಲ. ಬಟ್ಟೆಯ ಗಂಟೊಂದನ್ನು ಹೊರತೆಗೆದು ಅವರು ಮತ್ತೆ ಪೆಟ್ಟಿಗೆ ಎತ್ತಿ ಇಟ್ಟಾಗ ಹೊತ್ತು 9:44 ಆಗಿತ್ತು. ತೂಕ 22.8 ಕಿಲೋ. ಕೌಂಟರಿನ ಹುಡುಗಿ ಟ್ಯಾಗ್ ಮುದ್ರಿಸಲು ಹೋದಾಗ ವ್ಯವಸ್ಥೆ ನಿರಾಕರಿಸಿತು. ಆ ವಿಮಾನಕ್ಕೆ ಲಗೇಜು ಸ್ವೀಕಾರ ಮುಚ್ಚಿತ್ತು.

ಗಡುವು ಅಳೆಯುವುದು ಏನನ್ನು

ಮಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: "ಸಾರ್, ನಾವು ಒಂಬತ್ತು ಮೂವತ್ಮೂರಕ್ಕೇ ನಿಮ್ಮ ಮುಂದೆ ನಿಂತಿದ್ದೆವಲ್ಲ?" ನಿಂತಿದ್ದರು, ನಿಜ. ಆದರೆ ಗಡುವು ನಿಲ್ದಾಣಕ್ಕೆ ಬಂದ ಹೊತ್ತನ್ನಾಗಲಿ, ಸಾಲು ಸೇರಿದ ಹೊತ್ತನ್ನಾಗಲಿ, ಕೌಂಟರ್ ತಲುಪಿದ ಹೊತ್ತನ್ನಾಗಲಿ ಅಳೆಯುವುದಿಲ್ಲ. ದಾಖಲೆಗಳ ಪರಿಶೀಲನೆ ಮುಗಿದು, ಪೆಟ್ಟಿಗೆ ತೂಗಿ, ಟ್ಯಾಗ್ ಅಂಟಿ, ಅದು ಬೆಲ್ಟಿನ ಮೇಲೆ ಮುಂದೆ ಸಾಗಿದ ಹೊತ್ತು ಮಾತ್ರ ಲೆಕ್ಕಕ್ಕೆ ಬರುತ್ತದೆ. ಯಂತ್ರದಲ್ಲಿ ತಾವೇ ಟ್ಯಾಗ್ ಮುದ್ರಿಸಿಕೊಳ್ಳುವ ವ್ಯವಸ್ಥೆ ಇರುವಲ್ಲಿಯೂ ಹೀಗೆಯೇ. ಟ್ಯಾಗ್ ಕೈಗೆ ಬಂದ ಮಾತ್ರಕ್ಕೆ ಪೆಟ್ಟಿಗೆ ಸ್ವೀಕೃತವಾದಂತಲ್ಲ, ಲಗೇಜು ಬಿಡುವ ಜಾಗದಲ್ಲಿ ಅದನ್ನು ಸ್ಕ್ಯಾನ್ ಮಾಡಿ ಒಳಗೆ ಕಳಿಸಿದಾಗಲೇ ಆದಂತೆ.

ನಾಲ್ಕು ನಿಮಿಷಕ್ಕೆ ಇಷ್ಟು ಬಿಗಿ ಏಕೆ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಕೌಂಟರಿನ ಹಿಂಬದಿಯಲ್ಲಿದೆ, ಪ್ರಯಾಣಿಕರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬೆಲ್ಟಿಗೆ ಬಿದ್ದ ಪೆಟ್ಟಿಗೆ ಮೊದಲು ಎಕ್ಸ್-ರೇ ಯಂತ್ರವನ್ನು ಹಾಯುತ್ತದೆ. ಯಂತ್ರಕ್ಕೆ ಅನುಮಾನ ಬಂದರೆ ಬೇರೆ ಕೋಣೆಯಲ್ಲಿ ಕುಳಿತ ಪರಿಶೀಲಕರು ಚಿತ್ರ ನೋಡುತ್ತಾರೆ, ಅವರಿಗೂ ಬಗೆಹರಿಯದಿದ್ದರೆ ಇನ್ನೂ ಸೂಕ್ಷ್ಮ ಯಂತ್ರಕ್ಕೆ ಕಳಿಸುತ್ತಾರೆ, ಕೊನೆಗೆ ಪ್ರಯಾಣಿಕರನ್ನು ಕರೆಸಿ ಬಿಚ್ಚಿ ನೋಡಬೇಕಾಗಬಹುದು. ಅಲ್ಲಿಂದ ಪೆಟ್ಟಿಗೆಗಳು ವಿಂಗಡಣೆಯಾಗಿ ವಿಮಾನವಾರು ಗುಂಪುಗೂಡುತ್ತವೆ. ಪ್ರತಿ ಟ್ಯಾಗಿನ ಹತ್ತು ಅಂಕಿಗಳ ಸಂಖ್ಯೆಯನ್ನು ಸ್ಕ್ಯಾನ್ ಮಾಡಿ, ಯಾವ ಪೆಟ್ಟಿಗೆ ಯಾವ ಕಂಟೈನರಿನಲ್ಲಿದೆ ಎಂದು ದಾಖಲಿಸುತ್ತಾರೆ. ನಮ್ಮ ನಿಲ್ದಾಣದಲ್ಲಿ 10:40ರ ವಿಮಾನಕ್ಕೆ ಕೊನೆಯ ಕಂಟೈನರು 10:05ರ ಸುಮಾರಿಗೆ ವಿಂಗಡಣೆಯ ಜಾಗ ಬಿಡಬೇಕಿತ್ತು. ವಿಮಾನದ ಬದಿಗೆ ಎಳೆದುಕೊಂಡು ಹೋಗಿ, ಏರಿಸಿ, ಬಿಗಿದು, ಹೊಟ್ಟೆಯ ಬಾಗಿಲು ಹಾಕಬೇಕು. ಜೊತೆಗೆ ಎಷ್ಟು ಜನ, ಎಷ್ಟು ತೂಕ, ಎಲ್ಲೆಲ್ಲಿ ಎಂಬ ಲೆಕ್ಕದ ಹಾಳೆ, ಅಂದರೆ ಲೋಡ್ ಶೀಟ್, ಸಿದ್ಧವಾಗಿ ಕ್ಯಾಪ್ಟನ್ ಕೈ ಸೇರಬೇಕು. ಆ ಹಾಳೆಯಿಲ್ಲದೆ ವಿಮಾನ ಕದಲುವಂತಿಲ್ಲ.

ಇದಕ್ಕೆಲ್ಲ ಆಧಾರವಾಗಿ ಇನ್ನೊಂದು ನಿಯಮವಿದೆ. ಅಂತರರಾಷ್ಟ್ರೀಯ ಹಾರಾಟದಲ್ಲಿ ಪ್ರಯಾಣಿಕ ವಿಮಾನ ಹತ್ತದಿದ್ದರೆ ಅವನ ಪೆಟ್ಟಿಗೆಯೂ ಹೋಗಬಾರದು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟಗೊಂಡು 329 ಜನ ಸತ್ತರು. ಬಾಂಬು ಇದ್ದ ಪೆಟ್ಟಿಗೆಯನ್ನು ಚೆಕ್-ಇನ್ ಮಾಡಿದವನು ವಿಮಾನ ಹತ್ತಿರಲೇ ಇಲ್ಲ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್ಬಿ ಪಟ್ಟಣದ ಮೇಲೆ ಸ್ಫೋಟಗೊಂಡ ಪ್ಯಾನ್ ಆಮ್ ವಿಮಾನದಲ್ಲೂ ಬಾಂಬು ಬಂದದ್ದು ಜೊತೆಗೆ ಪ್ರಯಾಣಿಕನಿಲ್ಲದ ಪೆಟ್ಟಿಗೆಯಲ್ಲಿ. ಆಮೇಲೆ ಪೆಟ್ಟಿಗೆಯನ್ನೂ ಪ್ರಯಾಣಿಕನನ್ನೂ ಒಂದಕ್ಕೊಂದು ಹೊಂದಿಸಿ ನೋಡುವುದು ಕಡ್ಡಾಯದ ಕ್ರಮವಾಗಿ ಗಟ್ಟಿಯಾಯಿತು. ಈ ನಿಯಮ ನಮ್ಮ ಪ್ರಕರಣದ ಕೊನೆಯಲ್ಲಿ ಮತ್ತೆ ಬರುತ್ತದೆ.

ಮುಚ್ಚಿದ ಮೇಲೆ ಮಾಡಿದ ಪ್ರಯತ್ನಗಳು

9:45ಕ್ಕೆ ನಾನು ಲಗೇಜು ವಿಭಾಗಕ್ಕೆ ಫೋನು ಮಾಡಿ, ಒಂದೇ ಒಂದು ಪೆಟ್ಟಿಗೆಗೆ ಮತ್ತೆ ತೆರೆಯಲು ಸಾಧ್ಯವೇ ಎಂದು ಕೇಳಿದೆ. ಆ ಹೊತ್ತಿನಲ್ಲಿ ಬೆಲ್ಟಿನಲ್ಲಿ ಪರಿಶೀಲನೆಗೆ ಕಾದಿದ್ದ ಪೆಟ್ಟಿಗೆಗಳ ಸಾಲು ಉದ್ದವಿತ್ತು, ಅವರು ಆಗದು ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆಗ ನಾನು ಮಗನಿಗೆ ಹೇಳಿದ್ದು ಇಷ್ಟು: ಮೂವರ ಕೈಯಲ್ಲೂ ಬೋರ್ಡಿಂಗ್ ಪಾಸ್ ಇದೆ, ಎರಡು ಪೆಟ್ಟಿಗೆ ಹೋಗಿವೆ, ಮುಚ್ಚಿರುವುದು ಲಗೇಜಿಗೆ ಮಾತ್ರ, ನೀವು ಈಗಲೇ ಮೂರನೆಯ ಪೆಟ್ಟಿಗೆಯನ್ನು ಇಲ್ಲಿ ಬಿಟ್ಟು ಹೊರಟರೆ ಗೇಟಿಗೆ ಧಾರಾಳವಾಗಿ ಸಮಯವಿದೆ. ಕೆಳ ಅಂತಸ್ತಿನಲ್ಲಿ ಲಗೇಜು ಇರಿಸಿಕೊಳ್ಳುವ ಕೋಣೆಯೂ ಇತ್ತು. ಇದು ಪ್ರಕರಣದ ಎರಡನೆಯ ತಿರುವು. ಇಲ್ಲಿ ಕೈತಪ್ಪಿದ್ದು ಮೊದಲಿನದ್ದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆ ಪೆಟ್ಟಿಗೆಯಲ್ಲೇ ತಾಯಿಯ ಮೂರು ತಿಂಗಳ ಔಷಧಿಯೂ ಇತ್ತು. ಅದನ್ನು ಬಿಡಲು ಆಗುವುದಿಲ್ಲ, ಹೇಗಾದರೂ ಕಳಿಸಿ ಎಂದು ಮಗ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆದು ಎಂಟು ನಿಮಿಷ ಹೋಯಿತು. ಔಷಧಿಯನ್ನು ಕೈಚೀಲಕ್ಕೆ ಹಾಕಿಕೊಂಡು ಪೆಟ್ಟಿಗೆ ಬಿಟ್ಟರಾಯಿತು ಎಂಬ ದಾರಿ ಕೊನೆಗೆ ಸೊಸೆಗೆ ಹೊಳೆಯಿತು, ನನಗಲ್ಲ. ಅದನ್ನು ಮೊದಲೇ ಕೇಳಬೇಕಾದವನು ನಾನು. ಆ ಪೆಟ್ಟಿಗೆಯಲ್ಲಿ ಬಿಡಲಾಗದ್ದು ಏನಿದೆ ಎಂದು 9:46ಕ್ಕೇ ಕೇಳಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು.

9:53ಕ್ಕೆ ಔಷಧಿ ಹೊರತೆಗೆದು, ಹೊರಟು ಹೋಗಿದ್ದ ತಮ್ಮನಿಗೆ ಫೋನು ಮಾಡಿದರು. ಅವರು ಅರ್ಧ ದಾರಿಯಿಂದ ತಿರುಗಿ ಬಾಗಿಲಿಗೆ ಬಂದದ್ದು 10:01ಕ್ಕೆ. ಈ ನಡುವೆ ಸೊಸೆಯೂ ಅತ್ತೆಯೂ ಮುಂದೆ ಹೋಗಬಹುದಿತ್ತು, ಆದರೆ ಹೋಗಲಿಲ್ಲ. ಅದಕ್ಕೆ ಕಾರಣ ನಾನು ಹೇಳಿದ ಒಂದು ಸಂಗತಿ. ಕುಟುಂಬವಾಗಿ ಒಟ್ಟಿಗೆ ಬಂದಾಗ ಸಾಮಾನ್ಯವಾಗಿ ಎಲ್ಲ ಪೆಟ್ಟಿಗೆಗಳನ್ನೂ ಒಬ್ಬರ ಹೆಸರಿಗೆ ಹಾಕುತ್ತಾರೆ, ಇಲ್ಲಿ ಎರಡೂ ಮಗನ ಹೆಸರಿನಲ್ಲಿದ್ದವು. ಮಗ ಹತ್ತದಿದ್ದರೆ ಆ ಎರಡನ್ನೂ ಇಳಿಸುತ್ತಾರೆ, ಹೆಂಗಸರು ಬಟ್ಟೆಬರೆ ಇಲ್ಲದೆ ಪರದೇಶದಲ್ಲಿ ಇಳಿಯಬೇಕಾಗುತ್ತದೆ. ಇದು ತಿಳಿದ ಮೇಲೆ, ಹೋದರೆ ಮೂವರೂ ಹೋಗೋಣ ಎಂದು ಸೊಸೆ ನಿಂತರು. ಆ ನಿರ್ಧಾರವನ್ನು ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ.

ಭದ್ರತಾ ತಪಾಸಣೆ, ವಲಸೆ ತಪಾಸಣೆ, ದೂರದ ಗೇಟು. ನಾನು ಜೊತೆಗೆ ಒಬ್ಬ ಸಿಬ್ಬಂದಿಯನ್ನು ಕಳಿಸಿದ್ದರೂ ಅವರು ಗೇಟ್ ಮುಟ್ಟಿದ್ದು 10:24ಕ್ಕೆ.

ಏನಾಯಿತು

10:20ಕ್ಕೆ ಗೇಟಿನವರು ಮೂವರ ಹೆಸರನ್ನೂ ಪಟ್ಟಿಯಿಂದ ತೆಗೆದು, ಎರಡು ಪೆಟ್ಟಿಗೆಗಳನ್ನು ಇಳಿಸಲು ಕೆಳಗಿನವರಿಗೆ ಹೇಳಿಯಾಗಿತ್ತು. ಒಂದು ಪೆಟ್ಟಿಗೆ ಬಾಗಿಲ ಬಳಿಯ ಕಂಟೈನರಿನಲ್ಲೇ ಇತ್ತು. ಇನ್ನೊಂದು ಅದರ ಹಿಂದಿನದರಲ್ಲಿ, ಆದ್ದರಿಂದ ಮುಂದಿನದನ್ನು ಹೊರಗೆಳೆದ ಮೇಲೆಯೇ ಅದು ಕೈಗೆ ಸಿಕ್ಕಿತು. ಲೋಡ್ ಶೀಟನ್ನು ಮೂವರು ಮತ್ತು ಎರಡು ಪೆಟ್ಟಿಗೆ ಕಡಿಮೆ ಮಾಡಿ ಹೊಸದಾಗಿ ತಯಾರಿಸಬೇಕಾಯಿತು. ವಿಮಾನ ಕದಲಿದ್ದು 10:51ಕ್ಕೆ, 11 ನಿಮಿಷ ತಡವಾಗಿ. ಅಷ್ಟು ಹೊತ್ತೂ ಗಾಜಿನ ಆಚೆ ವಿಮಾನ ಕಾಣುತ್ತಲೇ ಇತ್ತು. "ಅಲ್ಲೇ ನಿಂತಿದೆ, ಬಾಗಿಲೂ ತೆರೆದಿದೆ, ಬಿಡಬಾರದೇನಪ್ಪಾ?" ಎಂದು ತಾಯಿ ಗೇಟಿನವರನ್ನು ಕೇಳಿದರಂತೆ. ಆ ಬಾಗಿಲು ತೆರೆದಿದ್ದುದು ಅವರದೇ ಪೆಟ್ಟಿಗೆಗಳನ್ನು ಇಳಿಸುವುದಕ್ಕಾಗಿ ಎಂದು ಗೇಟಿನವರಿಗೆ ಹೇಳಲಾಗಲಿಲ್ಲ. ಮತ್ತೆ ಹತ್ತಿಸಬೇಕೆಂದರೆ ಪೆಟ್ಟಿಗೆಗಳನ್ನು ಮತ್ತೆ ಏರಿಸಿ, ಹಾಳೆಯನ್ನು ಮೂರನೆಯ ಸಲ ಬರೆಯಬೇಕು. ಆ ಹೊತ್ತಿಗೆ ಕದಲುವ ಸರದಿಯೇ ತಪ್ಪಿಹೋಗುತ್ತಿತ್ತು.

ಒಂದು ಕೆಲಸ ಮಾತ್ರ ಸರಿಯಾಗಿ ನಡೆಯಿತು. ಜೊತೆಗೆ ಹೋಗಿದ್ದ ನಮ್ಮ ಸಿಬ್ಬಂದಿ, ಗೇಟಿನ ಮುಂದೆ ವಾದಿಸುವುದನ್ನು ಬಿಟ್ಟು ತಕ್ಷಣ ಸಂಸ್ಥೆಯ ಸಹಾಯವಾಣಿಗೆ ಫೋನು ಮಾಡಿ ಎಂದು ಸೊಸೆಗೆ ಹೇಳಿದರು. ವಿಮಾನ ಹೊರಟ ಮೇಲೆ ಟಿಕೆಟು ಗೈರುಹಾಜರಿ ಎಂದು ದಾಖಲಾದರೆ, ಬಹುತೇಕ ಟಿಕೆಟುಗಳಲ್ಲಿ ಮುಂದಿನ ಹಾರಾಟಗಳೂ ವಾಪಸು ಪ್ರಯಾಣವೂ ತಾವಾಗಿಯೇ ರದ್ದಾಗುತ್ತವೆ. ಅವರ ಟಿಕೆಟಿನ ನಿಯಮದಂತೆ, ಹೊರಡುವ ಮೊದಲೇ ದಿನಾಂಕ ಬದಲಿಸಿದರೆ ಬದಲಾವಣೆ ಶುಲ್ಕ ಮತ್ತು ದರದ ವ್ಯತ್ಯಾಸ ಮಾತ್ರ ಕಟ್ಟಬೇಕಿತ್ತು. 10:34ಕ್ಕೆ, ನಿಗದಿತ ಸಮಯಕ್ಕೆ ಆರು ನಿಮಿಷ ಬಾಕಿ ಇರುವಾಗ, ಮರುದಿನದ ಅದೇ ವಿಮಾನಕ್ಕೆ ಟಿಕೆಟು ಬದಲಾಯಿತು. ವಾಪಸು ಪ್ರಯಾಣ ಉಳಿಯಿತು. ಪಾಸ್‌ಪೋರ್ಟಿನಲ್ಲಿ ಬಿದ್ದಿದ್ದ ನಿರ್ಗಮನ ಮುದ್ರೆಯನ್ನು ರದ್ದು ಮಾಡಿಸಿ, ಪೆಟ್ಟಿಗೆಗಳನ್ನು ಪಡೆದು ಅವರು ಹೊರಗೆ ಬರಲು ಇನ್ನೂ ಎರಡು ಗಂಟೆ ಹಿಡಿಯಿತು.

ಈ ಪ್ರಕರಣದಿಂದ ಬದಲಾದದ್ದು

ನಮ್ಮ ಕಡೆಯ ಲೋಪವನ್ನು ಮೊದಲು ಹೇಳಬೇಕು. ಗಡುವಿಗೆ ಹತ್ತು ನಿಮಿಷದೊಳಗೆ ಬಂದವರ ಪೆಟ್ಟಿಗೆಗಳನ್ನು ಎಲ್ಲಕ್ಕಿಂತ ಮೊದಲು ತೂಗಬೇಕಿತ್ತು. ದಾಖಲೆ ನೋಡುವ ಐದು ನಿಮಿಷಗಳಲ್ಲೇ ಮನೆಯವರೊಬ್ಬರು ಪಕ್ಕದಲ್ಲಿ ಪೆಟ್ಟಿಗೆ ಬಿಚ್ಚಿ ತೂಕ ಇಳಿಸಬಹುದಿತ್ತು. ಎರಡೂ ಕೆಲಸ ಒಟ್ಟಿಗೆ ನಡೆದಿದ್ದರೆ 9:40ರೊಳಗೆ ಮೂರನೆಯ ಪೆಟ್ಟಿಗೆಯೂ ಬೆಲ್ಟಿಗೆ ಬೀಳುತ್ತಿತ್ತು ಎಂದು ನಾನು ಈಗಲೂ ನಂಬಿದ್ದೇನೆ. ಆ ವಾರದಿಂದ ನನ್ನ ಪಾಳಿಯಲ್ಲಿ ಕೊನೆಯ ಕರೆಗೆ ಬಂದವರಿಗೆ ಮೊದಲು ತಕ್ಕಡಿ, ಆಮೇಲೆ ಪಾಸ್‌ಪೋರ್ಟು ಎಂಬ ಕ್ರಮ ಬಂತು. ಕತ್ತರಿಯೊಂದನ್ನು ಕೌಂಟರಿನಲ್ಲೇ ಇಟ್ಟೆವು.

ಪ್ರಯಾಣಿಕರ ಕಡೆಯಿಂದ ನೋಡಿದರೆ, ಲೆಕ್ಕವನ್ನು ಗಡುವಿನಿಂದ ಹಿಂದಕ್ಕೆ ಹಾಕಬೇಕು, ಆ ಲೆಕ್ಕದಲ್ಲಿ ಒಂದು ಅಡಚಣೆಗೂ ಜಾಗವಿರಬೇಕು. ಈ ಕುಟುಂಬದ ಸಂದರ್ಭದಲ್ಲಿ, ಇಳಿದು ಒಳಗೆ ಬರಲು 7 ನಿಮಿಷ. ಯಾರೂ ಮುಂದೆ ಕರೆಯದಿದ್ದರೆ ಸಾಲಿನಲ್ಲಿ ಹತ್ತು ಗುಂಪುಗಳ ಹಿಂದೆ ಸುಮಾರು 12 ನಿಮಿಷ. ಕೌಂಟರಿನಲ್ಲಿ ಏನೂ ತೊಡಕಿಲ್ಲದೆ 6 ನಿಮಿಷ. ಒಟ್ಟು 25. ಅವರ ಬಳಿ ಇದ್ದದ್ದು 32. ಉಳಿದ ಏಳು ನಿಮಿಷದಲ್ಲಿ ಒಂದು ತೊಡಕನ್ನು ಹೇಗೋ ದಾಟಬಹುದು. ಆದರೆ ಪ್ಲಾಸ್ಟಿಕ್ ಸುತ್ತಿಸಿದ್ದು, ವೀಸಾದ ಹೆಸರು, ಹೆಚ್ಚಾದ ತೂಕ ಎಂದು ಮೂರು ತೊಡಕುಗಳು ಬಂದವು, ಪ್ರತಿಯೊಂದೂ ತೀರ ಸಾಮಾನ್ಯವಾದದ್ದು. ಇವುಗಳಲ್ಲಿ ತೂಕವನ್ನು ಮಾತ್ರ ಮನೆಯಲ್ಲೇ ನಿವಾರಿಸಬಹುದಿತ್ತು. ವೀಸಾದ ಹೆಸರಿನ ತೊಡಕು ಕೌಂಟರಿಗೆ ಬಂದ ಮೇಲಲ್ಲದೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮರುದಿನ ನಾನು ಪಾಳಿಯಲ್ಲಿದ್ದೆ. ಕೌಂಟರುಗಳು ಹೊರಡುವ ಸಮಯಕ್ಕೆ ಮೂರು ಗಂಟೆ ಮೊದಲು, 7:40ಕ್ಕೆ ತೆರೆದವು. ಆ ಮೂವರು ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತಿದ್ದರು. ಔಷಧಿಯ ಚೀಲ ತಾಯಿಯ ಹೆಗಲಲ್ಲಿತ್ತು. ಪೆಟ್ಟಿಗೆಗಳನ್ನು ಒಬ್ಬೊಬ್ಬರ ಹೆಸರಿಗೆ ಒಂದೊಂದರಂತೆ ಹಾಕಿ ಎಂದು ಮಗನೇ ಕೇಳಿದರು. ಸಡಿಲ ಜಿಪ್ಪಿನ ಪೆಟ್ಟಿಗೆಗೆ ಈ ಸಲ ಹಗ್ಗ ಕಟ್ಟಿತ್ತು, ತೂಕ 22.6 ಕಿಲೋ ಬಂತು. ಕೊನೆಯ ಟ್ಯಾಗ್ ಅಂಟಿ ಪೆಟ್ಟಿಗೆ ಬೆಲ್ಟಿನಲ್ಲಿ ಸಾಗಿದಾಗ ದಾಖಲೆಯಲ್ಲಿ ಬಿದ್ದ ಹೊತ್ತು 7:56.